ಕೋಚಿಂಗ್‌ ಫೀಸು ವಾಪಸ್‌ ಕೇಳುವ ಇಂಗ್ಲಿಷ್‌ ಪತ್ರ

ನಮ್ಮೂರಿನ ಕಾಕಾ ಒಬ್ಬರ ಮಗಳು ನೀಟ್‌ ಮತ್ತೊಮ್ಮೆ ಬರೆಯಲು ಹುಬ್ಬಳ್ಳಿಯ ಕೋಚಿಂಗ್‌ ಸೆಂಟರ್‌ ಒಂದಕ್ಕೆ ಸೇರಿದ್ದಳು. ಜುಲೈಯಿಂದ ಏಪ್ರಿಲ್‌ವರೆಗೆ ಹತ್ತು ತಿಂಗಳ ಕೋರ್ಸು. ಸೆಪ್ಟೆಂಬರ್‌ ಕೊನೆಗೆ ಬಿಎಸ್ಸಿ ಅಗ್ರಿ ಸೀಟು ಸಿಕ್ಕಿತು, ಕೋಚಿಂಗ್‌ ಬಿಟ್ಟಳು. ಫೀಸನ್ನೆಲ್ಲ ಮೊದಲೇ ಕಟ್ಟಿ ಆಗಿತ್ತು. ಉಳಿದ ತಿಂಗಳುಗಳ ಹಣ ಕೇಳಿದರೆ ಅಲ್ಲಿಯವರು, 'ನಮ್ಮ ಹೆಡ್‌ ಆಫೀಸು ಬೇರೆ ರಾಜ್ಯದಲ್ಲಿದೆ, ಇಂಗ್ಲಿಷ್‌ನಲ್ಲಿ ಮೇಲ್‌ ಹಾಕಿ' ಅಂದರು.

ಕಾಕಾ ಯಾರಿಂದಲೋ ಪತ್ರ ಬರೆಸಿ ಕಳಿಸಿದ್ದರು. ಹದಿನೈದು ದಿನ ಕಳೆದ ಮೇಲೆ ಬಂದ ಉತ್ತರವನ್ನು ನಮಗೆ ತೋರಿಸಿದರು. 'ತಮ್ಮಾ, ನಾವು ರೊಕ್ಕ ಕೇಳಿದ್ರ, ಬಾಕಿ ಏನೂ ಇಲ್ಲ, ಹುಡುಗಿ ಕ್ಲಾಸಿಗೆ ಬರಲಿ ಅಂತ ಬರದಾರಲ್ಲೋ!'

ಪತ್ರ ಓದಿದಾಗ ಕಾರಣ ತಿಳಿಯಿತು. ಮಗಳು ಕೋಚಿಂಗ್‌ ಬಿಟ್ಟಳು ಎನ್ನಲು 'ಲೀವ್‌' ತೆಗೆದುಕೊಂಡಿದ್ದಾಳೆ ಎಂದು ಬರೆದಿತ್ತು. ಆಫೀಸಿನವರಿಗೆ ಅದು ರಜೆ. ಉಳಿದ ಹಣ ಎನ್ನಲು 'ಬ್ಯಾಲೆನ್ಸ್‌ ಫೀಸ್‌' ಎಂದಿತ್ತು. ಆಫೀಸಿನ ಲೆಕ್ಕದಲ್ಲಿ ಬ್ಯಾಲೆನ್ಸ್‌ ಫೀಸ್‌ ಎಂದರೆ ನಾವಿನ್ನೂ ಕಟ್ಟಬೇಕಾದ ಹಣ. ಕೊನೆಯಲ್ಲಿ 'ಕೈಂಡ್ಲಿ ಡೂ ದ ನೀಡ್‌ಫುಲ್‌' ಇತ್ತು, ಎಷ್ಟು ಹಣ ಬೇಕು ಅನ್ನುವುದೇ ಇರಲಿಲ್ಲ.

ಹೊಸ ಪತ್ರ ನಾವು ಬರೆದೆವು. ಮೇಲೆಯೇ ವಿದ್ಯಾರ್ಥಿನಿಯ ಹೆಸರು, ಎನ್‌ರೋಲ್‌ಮೆಂಟ್‌ ನಂಬರು, ರಸೀದಿ ನಂಬರುಗಳು. ಮೊದಲ ವಾಕ್ಯ: 'ಐ ಹ್ಯಾವ್‌ ವಿತ್‌ಡ್ರಾನ್‌ ಮೈ ಡಾಟರ್‌ ಫ್ರಮ್‌ ದ ಕೋರ್ಸ್‌', ಅದರ ಜೊತೆಗೆ ಅಕ್ಟೋಬರ್‌ 1ರಿಂದ ಎಂಬ ದಿನಾಂಕ. ಆ ದಿನಾಂಕ ಇಲ್ಲದಿದ್ದರೆ ಹುಡುಗಿ ಹಾಜರಿ ಪುಸ್ತಕದಲ್ಲಿ ಹಾಗೇ ಇರುತ್ತಾಳೆ, ಉಳಿದ ತಿಂಗಳುಗಳೂ ಕರಗುತ್ತ ಹೋಗುತ್ತವೆ. ಎರಡನೇ ವಾಕ್ಯದಲ್ಲಿ ಕೇಳಿದ್ದು 'ಪಾರ್ಷಿಯಲ್‌ ರೀಫಂಡ್‌ ಆಫ್‌ ಫೀಸ್‌ ಪೇಯ್ಡ್‌', ಅಂದರೆ ಕಟ್ಟಿದ್ದರಲ್ಲಿ ಒಂದು ಭಾಗ ವಾಪಸ್‌.

ಆಮೇಲೆ ಲೆಕ್ಕ. ಬೋಧನಾ ಫೀಸು 60,000, ಅದರ ಮೇಲೆ ಶೇ. 18 ಜಿಎಸ್‌ಟಿ 10,800, ಒಟ್ಟು 70,800 ರೂಪಾಯಿ. ಹಾಸ್ಟೆಲ್‌ ಮತ್ತು ಊಟಕ್ಕೆ 50,000. ಓದಿದ್ದು ಮೂರು ತಿಂಗಳು, ಉಳಿದದ್ದು ಏಳು. ಹತ್ತರಲ್ಲಿ ಏಳು ಪಾಲು ಎಂದರೆ 49,560 ಮತ್ತು 35,000, ಕೂಡಿದರೆ 84,560. ಪುಸ್ತಕಗಳನ್ನು ಹುಡುಗಿ ಬಳಸಿದ್ದಳು, ಅದರ 5,000 ರೂಪಾಯಿ ಕೇಳುತ್ತಿಲ್ಲ ಎಂದೂ ಬರೆದೆವು. ಬಡತನದ ಮಾತು ಬೇಡ ಅಂದೆವು. ಕಾಕಾಗೆ ಮೊದಲು ಸರಿ ಅನಿಸಲಿಲ್ಲ, 'ಕೈ ಮುಗದು ಕೇಳಬೇಕಲ್ಲೋ' ಅಂದರು. ಕೈ ಮುಗಿದು ಕೇಳಿದ್ದಕ್ಕೆ ಕನಿಕರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲೆಕ್ಕ ಕೇಳಿದರೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಮೂರು ದಿನಕ್ಕೆ ಉತ್ತರ ಬಂತು: ಅರ್ಜಿಯಲ್ಲಿ 'ನಾನ್‌ ರೀಫಂಡಬಲ್‌' ಎಂದು ಅಚ್ಚಾಗಿದೆ, ನೀವು ಸಹಿ ಮಾಡಿದ್ದೀರಿ. ಅದಕ್ಕೆ ನಾವು 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಕೋಚಿಂಗ್‌ ಸೆಂಟರ್‌ ಮಾರ್ಗಸೂಚಿಯನ್ನು ತೋರಿಸಿದೆವು. ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಕೊಡಬೇಕು, ಹಾಸ್ಟೆಲ್‌ ಮತ್ತು ಊಟದ ಹಣವೂ ಸೇರಿ ಎಂದು ಅದರಲ್ಲಿದೆ. ಇದು ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿ, ಸ್ವತಃ ಕಾನೂನಲ್ಲ. ಅದನ್ನೊಂದನ್ನೇ ನಂಬಿ ಕೂರುವಂತಿರಲಿಲ್ಲ. ಹಾಗಾಗಿ ಹತ್ತು ದಿನದಲ್ಲಿ ಹಣ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಎಂದು ಕೊನೆಯ ಸಾಲು ಸೇರಿಸಿದೆವು. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ.

ಹತ್ತು ದಿನ ಕಳೆದರೂ ಸುದ್ದಿಯಿಲ್ಲ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಕಾ ತಾವೇ ಕರೆ ಮಾಡಿದರು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸಹಾಯವಾಣಿ ತೀರ್ಪು ಕೊಡುವುದಿಲ್ಲ, ದೂರನ್ನು ಸಂಸ್ಥೆಗೆ ಕಳಿಸಿ ಉತ್ತರ ಕೇಳುತ್ತದೆ. ಆಗ ಪತ್ರ, ರಸೀದಿ, ಅವರ ಉತ್ತರ ಎಲ್ಲ ನಮ್ಮ ಕೈಯಲ್ಲಿದ್ದದ್ದು ಕೆಲಸಕ್ಕೆ ಬಂತು.

ಕೊನೆಗೆ 77,000 ರೂಪಾಯಿ ಕಾಕಾ ಅವರ ಖಾತೆಗೆ ಬಂತು. ಜಿಎಸ್‌ಟಿಯ 7,560 ಸರ್ಕಾರಕ್ಕೆ ಹೋಗಿದೆ, ಕೊಡಲಾಗದು ಅಂದರು. ಅವರು ಕ್ರೆಡಿಟ್‌ ನೋಟ್‌ ಮಾಡಿ ಆ ತೆರಿಗೆಯನ್ನೂ ಸರಿಹೊಂದಿಸಿಕೊಳ್ಳಬಹುದು, ಅದಕ್ಕೆ ಮುಂದಿನ ನವೆಂಬರ್‌ 30ರವರೆಗೆ ಸಮಯವಿದೆ. ಜೊತೆಗೆ 'ಫುಲ್‌ ಆ್ಯಂಡ್‌ ಫೈನಲ್‌ ಸೆಟಲ್‌ಮೆಂಟ್‌' ಎಂಬ ಕಾಗದಕ್ಕೆ ಸಹಿ ಕೇಳಿದ್ದಾರೆ. ಸಹಿ ಹಾಕಿದರೆ ಆ 7,560ರ ಮಾತು ಅಲ್ಲಿಗೇ ಮುಗಿದಂತೆ. ಕಾಕಾ ಇನ್ನೂ ಹಾಕಿಲ್ಲ. 'ಇಂಗ್ಲಿಷ್‌ನ್ಯಾಗ ಅದಕ್ಕ ಏನ್‌ ಬರೀಬೇಕು, ಅದನ್ನ ಹೇಳ್ರಿ' ಅಂತ ಕೂತಿದ್ದಾರೆ. 'ರಿಸೀವ್ಡ್‌ ಇನ್‌ ಪಾರ್ಟ್‌' ಎಂದು ಬರೆದುಕೊಟ್ಟಿದ್ದೇವೆ.