ಒದ್ದೆ ಕಾಲಿಗೆ ಯಾವ ನೆಲ?

ನಮ್ಮಜ್ಜಿ ಬಿದ್ದಿದ್ದು ಬಚ್ಚಲಲ್ಲಿ ಅಲ್ಲ. ಬಚ್ಚಲಿಂದ ಹೊರಗೆ ಬಂದು ಎರಡನೇ ಹೆಜ್ಜೆ ಇಟ್ಟಾಗ. ಬಾಡಿಗೆ ಮನೆಯ ಬಚ್ಚಲಿಗೆ ಒರಟು ಟೈಲ್ಸ್ ಇತ್ತು. ಬಾಗಿಲ ಹೊರಗೆ ಕನ್ನಡಿಯಂಥ ಟೈಲ್ಸ್. ಮುಖ ತೊಳೆದ ಒದ್ದೆ ಕಾಲಲ್ಲೇ ದೇವರ ಮನೆ ಕಡೆ ಹೊರಟವರು ಜಾರಿದರು, ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ವಾಕರ್ ಹಿಡಿದು ನಿಲ್ಲೋಕೆ ಮೂರು ತಿಂಗಳು ಹಿಡಿಯಿತು.

ಅದೇ ಹೊತ್ತಿಗೆ ತುಮಕೂರಿನಲ್ಲಿ ನಮ್ಮ ಸ್ವಂತ ಮನೆಯ ಗೋಡೆ ಪ್ಲಾಸ್ಟರಿಂಗ್ ಮುಗಿದಿತ್ತು. ಮುಂದಿನ ಕೆಲಸ ನೆಲ. ಅಪ್ಪನಿಗೆ ಗ್ರಾನೈಟ್ ಬೇಕು, "ಕಲ್ಲು ಅಂದ್ರೆ ಕಲ್ಲು ಕಣೋ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ." ಅಮ್ಮನಿಗೆ ಬಿಳಿ ಮಾರ್ಬಲ್ ಆಸೆ. ಮೇಸ್ತ್ರಿಯದ್ದು ಒಂದೇ ಮಾತು: "ವಿಟ್ರಿಫೈಡ್ ಹಾಕ್ಸಿ ಸಾರ್, ಹದಿನೈದು ದಿನದಲ್ಲಿ ಮುಗಿಸಿ ಕೊಡ್ತೀನಿ." ನನಗಿದ್ದದ್ದು ಒಂದೇ ಪ್ರಶ್ನೆ. ಅಜ್ಜಿ ಇದರ ಮೇಲೆ ಒದ್ದೆ ಕಾಲಲ್ಲಿ ನಡೆಯಬಹುದಾ?

ಶೋರೂಮಿನಲ್ಲಿ ಕೇಳಿದರೆ ಎಲ್ಲರೂ "ಜಾರಲ್ಲ ಸಾರ್, ನಡೆದು ನೋಡಿ" ಅನ್ನುತ್ತಾರೆ. ನಾವು ಶೂ ಹಾಕಿಕೊಂಡು, ಒಣ ನೆಲದ ಮೇಲೆ, ಎಸಿಯಲ್ಲಿ ನಡೆದು ನೋಡುತ್ತೇವೆ. ಒಣಗಿದ್ದಾಗ ಪಾಲಿಶ್ ನೆಲವೂ ಕಾಲನ್ನು ಚೆನ್ನಾಗೇ ಹಿಡಿಯುತ್ತೆ. ತೊಂದರೆ ಶುರುವಾಗೋದು ನೀರು ಬಿದ್ದಾಗ. ಪಾದಕ್ಕೂ ನೆಲಕ್ಕೂ ನಡುವೆ ನೀರಿನ ತೆಳು ಪದರ ನಿಲ್ಲುತ್ತೆ. ನೆಲ ಒರಟಾಗಿದ್ದರೆ ಅದರ ಸಣ್ಣ ಸಣ್ಣ ಉಬ್ಬುಗಳು ಆ ಪದರವನ್ನು ಚುಚ್ಚಿಕೊಂಡು ಬಂದು ಪಾದಕ್ಕೆ ತಾಗುತ್ತವೆ. ನುಣುಪಾಗಿದ್ದರೆ ಚುಚ್ಚೋಕೆ ಏನೂ ಇಲ್ಲ, ಪಾದ ನೀರಿನ ಮೇಲೇ ತೇಲುತ್ತೆ. ನೀರಿಗೆ ಸೋಪೋ ಎಣ್ಣೆಯೋ ಸೇರಿದರೆ ಕಥೆ ಮುಗಿದಂತೆ.

ಹಾಗಾಗಿ ಸ್ಯಾಂಪಲ್‌ಗಳನ್ನು ಮನೆಗೇ ತಂದೆ. ಪಾಲಿಶ್ ಮಾಡಿದ ಗ್ರಾನೈಟ್, ಮಾರ್ಬಲ್ ಮತ್ತು ವಿಟ್ರಿಫೈಡ್ ಒಂದೊಂದು ತುಂಡು, ಮ್ಯಾಟ್ ವಿಟ್ರಿಫೈಡ್ ಒಂದು, ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಫ್ಲೇಮ್ ಫಿನಿಶ್ ಗ್ರಾನೈಟ್ ಒಂದು. ಎರಡಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಒಂದು ಸ್ಯಾಂಪಲ್ ಇಟ್ಟು, ಜಾರದಂತೆ ಕೆಳಗೆ ಮೊಳೆ ಹೊಡೆದೆ. ಅದರ ಮೇಲೆ ಅಜ್ಜಿಯ ಹವಾಯಿ ಚಪ್ಪಲಿ, ಚಪ್ಪಲಿ ಮೇಲೆ ಒಂದು ಕೆಜಿ ಸಕ್ಕರೆ ಪ್ಯಾಕೆಟ್. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ, ಚಪ್ಪಲಿ ಎಷ್ಟು ಎತ್ತರಕ್ಕೆ ಜಾರುತ್ತೆ ಅಂತ ಸ್ಕೇಲ್ ಹಿಡಿದು ಬರೆದುಕೊಂಡೆ. ಪಿಯುಸಿ ಫಿಸಿಕ್ಸ್‌ನಲ್ಲಿ ಘರ್ಷಣೆ ಪಾಠದಲ್ಲಿ ಮಾಡಿದ ಪ್ರಯೋಗವೇ ಇದು. ಹೆಚ್ಚು ಎತ್ತಬೇಕಾದಷ್ಟೂ ಹಿಡಿತ ಹೆಚ್ಚು.

ಒಣಗಿದ್ದಾಗ ಐದೂ ಸ್ಯಾಂಪಲ್ ಪಾಸ್. ಹದಿಮೂರು, ಹದಿನಾಲ್ಕು ಇಂಚು ಎತ್ತುವವರೆಗೆ ಚಪ್ಪಲಿ ಅಲುಗಲಿಲ್ಲ. ಆಮೇಲೆ ಎರಡು ಹನಿ ಪಾತ್ರೆ ಸೋಪು ಬೆರೆಸಿದ ನೀರು ಸುರಿದೆ. ಪಾಲಿಶ್ ವಿಟ್ರಿಫೈಡ್ ಐದು ಇಂಚಿಗೇ ಕೈ ಕೊಟ್ಟಿತು. ಪಾಲಿಶ್ ಮಾರ್ಬಲ್ಲೂ ಐದೇ. ಅಪ್ಪನ ಪಾಲಿಶ್ ಗ್ರಾನೈಟ್ ಐದೂವರೆ. ಮ್ಯಾಟ್ ವಿಟ್ರಿಫೈಡ್ ಹತ್ತು ಇಂಚಿನವರೆಗೆ ತಡೆಯಿತು, ಫ್ಲೇಮ್ ಗ್ರಾನೈಟ್ ಹನ್ನೆರಡು.

ಅಲ್ಲೇ ನಮ್ಮ ಮನೆಯ ಜಗಳದ ದಿಕ್ಕು ಬದಲಾಯಿತು. ಮೂರು ಬೇರೆ ಬೇರೆ ವಸ್ತು, ಪಾಲಿಶ್ ಮಾಡಿದ ಮೇಲೆ ಮೂರೂ ಒಂದೇ ಥರ ಜಾರುತ್ತಿದ್ದವು. ಒಂದೇ ಗ್ರಾನೈಟ್, ಫಿನಿಶ್ ಬದಲಾದ ತಕ್ಷಣ ಬೇರೆಯೇ ನೆಲವಾಗಿತ್ತು. ಜಾರುವುದನ್ನು ನಿರ್ಧರಿಸೋದು ಕಲ್ಲಿನ ಜಾತಿ ಅಲ್ಲ, ಅದರ ಮೇಲ್ಮೈ. ನನ್ನ ಹಲಗೆ ಪ್ರಯೋಗಕ್ಕೂ ಮಿತಿ ಇದೆ. ನಿಂತ ಚಪ್ಪಲಿಯ ಭಾರಕ್ಕೆ ನೀರು ಹೊರಗೆ ಹಿಂಡಿ ಹೋಗುತ್ತೆ, ನಡೆಯುವ ಕಾಲಿಗೆ ಆ ಸಮಯ ಸಿಗಲ್ಲ. ಹಾಗಾಗಿ ನಿಜವಾದ ನಡಿಗೆಯಲ್ಲಿ ಹಿಡಿತ ಇನ್ನೂ ಕಮ್ಮಿಯೇ. ಒಂದಕ್ಕೊಂದು ಹೋಲಿಸೋಕೆ ಮಾತ್ರ ಇದು ಸಾಕು.

ಟೈಲ್ಸ್ ಕಂಪನಿಗಳ ಕ್ಯಾಟಲಾಗ್‌ನಲ್ಲಿ R9, R10, R11 ಅಂತ ಬರೆದಿರುತ್ತೆ. ಎಣ್ಣೆ ಸುರಿದ ಇಳಿಜಾರಿನ ಮೇಲೆ ಶೂ ಹಾಕಿದ ಮನುಷ್ಯನನ್ನು ನಡೆಸಿ ಮಾಡುವ ಜರ್ಮನ್ ಪರೀಕ್ಷೆ ಅದು. R9 ಅಂದರೆ ಹತ್ತಕ್ಕೆ ಒಂಬತ್ತು ಅಂಕ ಅಂತ ನಾನು ಮೊದಲು ಖುಷಿಪಟ್ಟಿದ್ದೆ. ಅದು ಆ ಪಟ್ಟಿಯ ಅತಿ ಕೆಳಗಿನ ದರ್ಜೆ! ಬರಿಗಾಲಿಗೆ, ಸೋಪು ನೀರಿಗೆ A, B, C ಅಂತ ಬೇರೆಯೇ ಪರೀಕ್ಷೆ ಇದೆ. A ಕಡಿಮೆ ಹಿಡಿತ, C ಹೆಚ್ಚು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ನಮ್ಮಂಥವರು ಬಚ್ಚಲಿಗೆ ಕೇಳಬೇಕಾದದ್ದು ಇದನ್ನು. ನಾವು B ಇರುವುದನ್ನು ಹುಡುಕಿದೆವು.

ಇನ್ನು ದುಡ್ಡು. ಹಾಲ್, ಅಡುಗೆಮನೆ, ಎರಡು ರೂಮು ಸೇರಿ ನಮ್ಮದು 850 ಚದರಡಿ. ನಮಗೆ ಸಿಕ್ಕ ದರದಲ್ಲಿ ವಿಟ್ರಿಫೈಡ್ ಅಡಿಗೆ 65 ರೂಪಾಯಿ, ಕೂಲಿ, ಸಿಮೆಂಟು, ಮರಳು ಸೇರಿ 48. ಕಟಿಂಗ್ ವೇಸ್ಟ್ ಲೆಕ್ಕ ಹಿಡಿದರೂ ಒಂದು ಲಕ್ಷದ ಒಳಗೆ. ಗ್ರಾನೈಟ್ ಅಡಿಗೆ 130, ಹಾಕೋಕೆ 75, ವೇಸ್ಟ್ ಇನ್ನೂ ಜಾಸ್ತಿ. ಒಟ್ಟು ಸುಮಾರು 1.88 ಲಕ್ಷ. ಮಾರ್ಬಲ್ ಅಡಿಗೆ 120 ಅಂದಾಗ ಅಮ್ಮ "ನೋಡು, ಗ್ರಾನೈಟ್‌ಗಿಂತ ಕಮ್ಮಿ" ಅಂದರು. ಆದರೆ ಮಾರ್ಬಲ್ ಹಾಕಿದ ಮೇಲೆ ಮೆಷಿನ್ ಇಟ್ಟು ಇಡೀ ನೆಲ ತೀಡಿ ಪಾಲಿಶ್ ಮಾಡಬೇಕು, ಅದಕ್ಕೆ ಅಡಿಗೆ 40 ಬೇರೆ. ವೇಸ್ಟ್ ಸೇರಿ 2.15 ಲಕ್ಷ ದಾಟಿತು. ಕಲ್ಲಿನ ದರ ಮಾತ್ರ ಕೇಳಿ ಹೋಲಿಸಿದರೆ ಹೀಗೇ ಮೋಸ ಹೋಗೋದು. ಪಾಲಿಶ್ ವಿಟ್ರಿಫೈಡ್‌ಗೂ ಮ್ಯಾಟ್‌ಗೂ ನಾವು ಹೋದ ಅಂಗಡಿಯಲ್ಲಿ ಒಂದೇ ದರ. ಜಾರದ ನೆಲಕ್ಕೆ ನಾವು ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿರಲಿಲ್ಲ.

ಅಮ್ಮನಿಗೆ ಮಾರ್ಬಲ್ ಬೇಡ ಅಂತ ನಾನು ಹೇಳಲಿಲ್ಲ. ಸ್ಯಾಂಪಲ್ ಮೇಲೆ ಒಂದು ಹೋಳು ನಿಂಬೆಹಣ್ಣು ಇಟ್ಟು, ಕಾಫಿ ಕುಡಿದು ಬಂದು ತೆಗೆದೆ, ಅಷ್ಟೆ. ಹೋಳಿನ ಆಕಾರದಲ್ಲಿ ಹೊಳಪು ಮಾಯವಾಗಿತ್ತು. ಅಮ್ಮ ಒರೆಸಿದರು, ಸೋಪು ಹಾಕಿ ತಿಕ್ಕಿದರು. ಹೋಗಲಿಲ್ಲ, ಯಾಕೆಂದರೆ ಅದು ಕಲೆಯಲ್ಲ. ಮಾರ್ಬಲ್ ಅಂದರೆ ಹೆಚ್ಚುಕಡಿಮೆ ಸುಣ್ಣದ ಕಲ್ಲೇ. ಹುಳಿ ತಾಗಿದರೆ ಮೇಲಿನ ಪದರವೇ ಕರಗುತ್ತೆ, ಮತ್ತೆ ಪಾಲಿಶ್ ಮಾಡದೆ ಸರಿಹೋಗಲ್ಲ. ನಿಂಬೆ, ಹುಣಸೆ ಓಡಾಡುವ ನಮ್ಮ ಅಡುಗೆಮನೆಗೆ ಅದು ಕಷ್ಟ. ಸೀಲರ್ ಹಚ್ಚಿದರೆ ಅರಿಶಿನ, ಎಣ್ಣೆ ಇಳಿಯುವುದು ತಡವಾಗುತ್ತೆ, ಹುಳಿ ತಿನ್ನುವುದು ನಿಲ್ಲಲ್ಲ. ಆದರೆ ಮಾರ್ಬಲ್‌ಗೆ ಒಂದು ಗುಣ ಇದೆ. ಹತ್ತು ವರ್ಷ ಬಿಟ್ಟು ತೀಡಿಸಿದರೆ ಮತ್ತೆ ಹೊಸದಾಗುತ್ತೆ.

ಗ್ರಾನೈಟ್ ನಿಂಬೆಗೆ ಜಗ್ಗಲಿಲ್ಲ. ತಿಳಿ ಬಣ್ಣದ್ದರ ಮೇಲೆ ಎಣ್ಣೆ ಬಿದ್ದು ನಿಂತರೆ ಮಾತ್ರ ಮಂಕು ಗುರುತು ಉಳಿಯುತ್ತೆ. ವಿಟ್ರಿಫೈಡ್ ಟೈಲ್ಸ್ ಮಣ್ಣನ್ನು ಗಾಜಿನಂತೆ ಗಟ್ಟಿಯಾಗುವವರೆಗೆ ಸುಟ್ಟು ಮಾಡಿದ್ದು, ತೂಕದ ಶೇಕಡ 0.5ಕ್ಕಿಂತ ಹೆಚ್ಚು ನೀರು ಹೀರಲ್ಲ. ಆದರೆ ಭಾರದ ಪಾತ್ರೆ ಬಿದ್ದು ಚಕ್ಕೆ ಎದ್ದರೆ ತೀಡಿ ಸರಿ ಮಾಡೋಕಾಗಲ್ಲ, ಆ ಟೈಲ್ ಕಿತ್ತೇ ಹಾಕಬೇಕು. ವರ್ಷ ಬಿಟ್ಟು ಹೋದರೆ ಅದೇ ಬಣ್ಣ ಸಿಗಲ್ಲ. ಅದಕ್ಕೇ ಎರಡು ಬಾಕ್ಸ್ ಹೆಚ್ಚು ತಂದು ಅಟ್ಟದ ಮೇಲೆ ಇಟ್ಟಿದ್ದೇವೆ. ಅಡಿಯಲ್ಲಿ ಗಾರೆ ಸರಿಯಾಗಿ ತುಂಬದಿದ್ದರೆ ಬಿರುಕು ಬಿಡುವುದೂ ಹೆಚ್ಚು. ಹಾಕಿದ ನಾಲ್ಕನೇ ದಿನ ನಾಣ್ಯದಿಂದ ಒಂದೊಂದನ್ನೇ ತಟ್ಟುತ್ತಾ ಹೋದೆ. ಟೊಳ್ಳು ಶಬ್ದ ಬಂದ ಏಳು ಟೈಲ್ಸ್‌ಗಳನ್ನು ಮೇಸ್ತ್ರಿ ಗೊಣಗುತ್ತಲೇ ಕಿತ್ತು ಮತ್ತೆ ಹಾಕಿದರು.

ಕೊನೆಗೆ ಮನೆಯನ್ನು ಒದ್ದೆಯಾಗುವ ಜಾಗ, ಒಣಗಿರುವ ಜಾಗ ಅಂತ ಭಾಗ ಮಾಡಿಕೊಂಡೆವು. ಹಾಲ್, ಅಡುಗೆಮನೆ, ರೂಮುಗಳಿಗೆಲ್ಲ ಮ್ಯಾಟ್ ವಿಟ್ರಿಫೈಡ್. ಬಚ್ಚಲಿಗೆ ಒಂದಡಿಗೆ ಒಂದಡಿಯ ಸಣ್ಣ ಆ್ಯಂಟಿಸ್ಕಿಡ್ ಟೈಲ್ಸ್. ಸಣ್ಣದಾದರೆ ನೀರು ಹೋಗುವ ಕಡೆಗೆ ಇಳಿಜಾರು ಕೊಡೋದು ಸುಲಭ, ನೀರು ನಿಲ್ಲಲ್ಲ. ಹೊರಗಿನ ಪೋರ್ಟಿಕೋ ಮತ್ತು ಮೆಟ್ಟಿಲಿಗೆ ಅಪ್ಪನ ಗ್ರಾನೈಟ್, ಆದರೆ ಫ್ಲೇಮ್ ಫಿನಿಶ್. ಮಳೆ ಬಿದ್ದರೂ ಭಯವಿಲ್ಲ. ಅದನ್ನು ಒಳಗೆ ಹಾಕಲಿಲ್ಲ, ಒರಟಿನಲ್ಲಿ ಕೊಳೆ ಕೂತು ಒರೆಸೋ ಬಟ್ಟೆಯೇ ಹರಿಯುತ್ತೆ. ಅಮ್ಮನ ಮಾರ್ಬಲ್ ದೇವರ ಮನೆಯ ಕಟ್ಟೆಗೆ ಬಂತು. ಕಾಲಿಡದ ಜಾಗದಲ್ಲಿ ಎಷ್ಟು ಹೊಳೆದರೂ ತೊಂದರೆ ಇಲ್ಲ.

ಬಚ್ಚಲ ಬಾಗಿಲ ಹೊರಗಿನ ನಾಲ್ಕಡಿಗೆ ಮೇಸ್ತ್ರಿ ಜೊತೆ ವಾದವಾಯಿತು. ಬಚ್ಚಲ ಟೈಲ್ಸ್‌ನ ಹಿಡಿತಕ್ಕೆ ಹೊಂದಿಕೊಂಡ ಕಾಲು, ಹೊಸ್ತಿಲು ದಾಟಿದ ಮೇಲೂ ಅದೇ ಹಿಡಿತ ಇದೆ ಅಂದುಕೊಂಡೇ ಹೆಜ್ಜೆ ಹಾಕುತ್ತೆ. ಪಾದ ಆಗಲೂ ಒದ್ದೆಯೇ. ಅಜ್ಜಿ ಬಿದ್ದದ್ದು ಅಲ್ಲೇ. ಆ ನಾಲ್ಕಡಿಗೂ ಬಚ್ಚಲ ಟೈಲ್ಸೇ ಬೇಕು ಅಂದೆ. "ಹಾಲ್‌ನಲ್ಲಿ ತೇಪೆ ಹಾಕ್ದಂಗೆ ಕಾಣುತ್ತೆ ಸಾರ್" ಅಂದರು. ಕಂಡರೆ ಕಾಣಲಿ ಅಂತ ಹಾಕಿಸಿದೆ. ಕಂಡಿದೆ ಕೂಡ.

ಮ್ಯಾಟ್ ನೆಲದ ಕಷ್ಟವನ್ನೂ ಹೇಳಿಬಿಡುತ್ತೇನೆ. ಮೊದಲ ತಿಂಗಳು ಎಷ್ಟು ಒರೆಸಿದರೂ ಮಬ್ಬು ಮಬ್ಬು. ಅಮ್ಮ ಫ್ಲೋರ್ ಕ್ಲೀನರ್ ಜಾಸ್ತಿ ಹಾಕಿದರು, ಇನ್ನೂ ಮಬ್ಬಾಯಿತು. ಕ್ಲೀನರ್ ಪದರವಾಗಿ ಉಳಿದು ಕೊಳೆ ಹಿಡಿಯುತ್ತಿತ್ತು. ಆ ಪದರ ಒದ್ದೆಯಾದರೆ ಜಾರುತ್ತೆ ಕೂಡ. ಈಗ ಬಕೆಟ್‌ಗೆ ಒಂದೇ ಮುಚ್ಚಳ ಕ್ಲೀನರ್, ಆಮೇಲೆ ಬೇರೆ ಬಕೆಟ್‌ನ ಬರೀ ನೀರಲ್ಲಿ ಇನ್ನೊಮ್ಮೆ ಒರೆಸೋದು. ಕಲೆ ಹೋಗಲಿ ಅಂತ ಆ್ಯಸಿಡ್ ಬಾಟಲಿ ಮಾತ್ರ ಮನೆಗೆ ತರಲ್ಲ. ಅದು ಟೈಲ್ಸ್ ನಡುವಿನ ಸಿಮೆಂಟನ್ನೂ ತಿನ್ನುತ್ತೆ, ದೇವರ ಕಟ್ಟೆಯ ಮಾರ್ಬಲ್‌ಗೆ ಒಂದು ಹನಿ ಸಿಡಿದರೂ ಗುರುತು ಬೀಳುತ್ತೆ.

ಗೃಹಪ್ರವೇಶಕ್ಕೆ ಬಂದ ನೆಂಟರು "ನೆಲ ಯಾಕೋ ಶೈನಿಂಗೇ ಇಲ್ವಲ್ಲ" ಅಂದರು. ಅಮ್ಮನ ಮುಖ ಸ್ವಲ್ಪ ಸಪ್ಪಗಾಯಿತು. ಮಾರನೇ ದಿನ ಬೆಳಗ್ಗೆ ಅಜ್ಜಿ ಮುಖ ತೊಳೆದು ಬಚ್ಚಲಿಂದ ಬಂದರು. ಹೊಸ್ತಿಲ ಬಳಿ ನಿಂತು, ಎಡಗಾಲ ಹೆಬ್ಬೆರಳಿನಿಂದ ಹೊರಗಿನ ನೆಲವನ್ನು ಎರಡು ಸಲ ಒತ್ತಿ ನೋಡಿದರು. ಆಮೇಲೆ ವಾಕರ್ ಮುಂದೆ ಇಟ್ಟುಕೊಂಡು ದೇವರ ಮನೆ ಕಡೆ ಹೊರಟರು. ಒದ್ದೆ ಪಾದದ ಗುರುತು ಹಾಲ್‌ನ ಅರ್ಧದವರೆಗೂ ಬಿದ್ದಿತ್ತು.