ದೊಡ್ಡತ್ತೆಯ ಕೂದಲು

ಆಫೀಸಿನಲ್ಲಿ ಊಟ ಮಾಡುವಾಗ ಲಖನೌ ಕಡೆಯ ಗೆಳತಿಯೊಬ್ಬಳು, "ನಿಮ್ಮಲ್ಲಿ ಸೋದರಮಾವನನ್ನೇ ಮದುವೆ ಆಗ್ತಾರಂತೆ, ನಿಜಾನಾ?" ಎಂದು ಮುಖ ಕಿವುಚಿದಳು. ನನ್ನಜ್ಜಿ ಮದುವೆಯಾಗಿದ್ದು ಸೋದರಮಾವನನ್ನೇ. ನನಗೆ ರೇಗಿತು. ಒಂದೊಂದು ಸಮಾಜಕ್ಕೆ ಒಂದೊಂದು ಪದ್ಧತಿ, ಅದನ್ನು ಸರಿ-ತಪ್ಪು ಅಂತ ಹೊರಗಿನವರು ಅಳೆಯೋ ಹಾಗಿಲ್ಲ ಎಂದು ಭಾಷಣ ಬಿಗಿದೆ. ಕಾಲೇಜಿನಲ್ಲಿ ಓದಿದ ನೈತಿಕ ಸಾಪೇಕ್ಷವಾದ ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

ಸಂಜೆ ಅದನ್ನೆಲ್ಲ ಅಜ್ಜಿಗೆ ಒಪ್ಪಿಸಿದೆ. ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಹಾಗಾದ್ರೆ ದೊಡ್ಡತ್ತೆ ತಲೆ ಬೋಳಿಸಿದ್ದೂ ಸರಿ ಅನ್ನು" ಅಂದಳು.

ದೊಡ್ಡತ್ತೆ ಅಂದರೆ ಅಜ್ಜಿಯ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ಫೋಟೋ ಕೂಡ ಇಲ್ಲ. ನಾನು ಸುಮ್ಮನಾಗಲಿಲ್ಲ. ಹೆರೊಡೊಟಸ್ ಬರೆದ ಕಥೆ ಹೇಳಿದೆ: ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ದುಡ್ಡು ಕೊಟ್ಟರೆ ಸತ್ತ ತಂದೆಯ ದೇಹ ತಿನ್ನುತ್ತೀರಿ ಎಂದನಂತೆ. ಎಷ್ಟು ಕೊಟ್ಟರೂ ಇಲ್ಲ ಎಂದರು. ತಂದೆಯ ದೇಹ ತಿನ್ನುವ ಪದ್ಧತಿಯಿದ್ದ ಇನ್ನೊಂದು ಜನರನ್ನು ಕರೆದು, ಎಷ್ಟು ಕೊಟ್ಟರೆ ಸುಡುತ್ತೀರಿ ಎಂದ. ಅಂಥ ಮಾತೇ ಆಡಬೇಡಿ ಎಂದು ಅವರು ಕೂಗಿಕೊಂಡರು.

ಅಜ್ಜಿ ನಕ್ಕಳು. "ಸರಿಯಾಗೇ ಇದೆ. ಇಬ್ರೂ ಅಪ್ಪನಿಗೆ ಮರ್ಯಾದೆ ಮಾಡೋಕ್ಕೇ ಹೊರಟಿದ್ದು, ದಾರಿ ಬೇರೆ ಅಷ್ಟೆ. ಆದ್ರೆ ಆ ಅಪ್ಪ ಸತ್ತಿದ್ದ ಕಣೇ. ದೊಡ್ಡತ್ತೆ ಬದುಕಿದ್ಲು."

ಕ್ಷೌರದವನು ಬರುತ್ತಿದ್ದುದು ಹಿತ್ತಲ ಬಾಗಿಲಿಗೆ, ಬೆಳಕು ಹರಿಯುವ ಮುಂಚೆ. ನೀರು ತಂದಿಡುವುದು ಹತ್ತು ವರ್ಷದ ಅಜ್ಜಿಯ ಕೆಲಸ. ಆ ದಿನ ದೊಡ್ಡತ್ತೆ ಒರಳುಕಲ್ಲಿನ ಹಿಂದೆ ಮುದುಡಿ ಕೂತಿರುತ್ತಿದ್ದಳಂತೆ. ಅವಳನ್ನು ಕೈಹಿಡಿದು ಎಬ್ಬಿಸಿ ತರುವುದೂ ಅಜ್ಜಿಯೇ.

"ಆ ಕಾಲದಲ್ಲಿ ಅದು ಯಾರಿಗೂ ತಪ್ಪು ಅನ್ನಿಸ್ತಿರಲಿಲ್ವಲ್ಲ ಅಜ್ಜಿ?"

"ಯಾರಿಗೂ ಅಂದ್ರೆ ಯಾರಿಗೆ? ಒರಳುಕಲ್ಲಿನ ಹಿಂದೆ ಕೂತಿದ್ದೋಳನ್ನ ಲೆಕ್ಕಕ್ಕೆ ತಗೊಂಡ್ಯಾ?"

ಈ ಪ್ರಶ್ನೆ ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ. 'ಆ ಸಮಾಜ ಒಪ್ಪಿತ್ತು' ಎನ್ನುವಾಗ ಸಮಾಜ ಅಂದರೆ ಯಾರು ಅಂತ ನಾವು ಕೇಳುವುದೇ ಇಲ್ಲ. 1890ರಲ್ಲಿ ಮುಂಬೈಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನಿಸಿದ್ದರು. ಕತ್ತಿ ಹಿಡಿದವರೇ ಬೇಡ ಎಂದಿದ್ದರು. ಅವರು ಆ ಪದ್ಧತಿಯ ಒಳಗಿನವರೋ ಹೊರಗಿನವರೋ? ಸಾಪೇಕ್ಷವಾದದ ಪ್ರಕಾರವಾದರೆ, ಸಮಾಜ ಒಪ್ಪಿದ್ದೇ ಸರಿ, ಆದ್ದರಿಂದ ಅವರು ಮಾಡಿದ್ದು ತಪ್ಪು!

"ಅಂದ್ರೆ ಆ ಲಖನೌ ಹುಡುಗಿ ಹೇಳಿದ್ದು ಸರಿನಾ?"

"ಅವಳು ಏನು ಹೇಳಿದ್ಲು? ಮುಖ ಕಿವುಚಿದ್ಲು, ಅಷ್ಟೆ. ರಕ್ತಸಂಬಂಧದಲ್ಲಿ ಮದುವೆಯಾದ್ರೆ ಹುಟ್ಟೋ ಮಕ್ಕಳಿಗೆ ತೊಂದ್ರೆ ಜಾಸ್ತಿ ಅಂತ ಡಾಕ್ಟ್ರು ಹೇಳ್ತಾರಲ್ಲ, ಹಾಗೆ ಕೇಳಿದ್ರೆ ಉತ್ತರ ಹೇಳ್ಬೇಕಾಗಿದ್ದು ನಾವು. ಎಲ್ಲಿಯವಳಾದ್ರೇನು?"

ನನ್ನ ಹತ್ತಿರ ಕೊನೆಯ ಅಸ್ತ್ರ ಒಂದಿತ್ತು. ದೊಡ್ಡತ್ತೆಯೇ ಅದು ಬೇಕು ಅಂದಿದ್ದರೆ?

ಅಜ್ಜಿಯ ಕೈ ನಿಂತಿತು. "ಅಂದ್ಲಲ್ಲ! ಅವಳಿಗೆ ಅರವತ್ತಾದಾಗ ನಮ್ಮಪ್ಪ, ಸಾಕು ಅಕ್ಕ, ಇನ್ನು ಕೂದಲು ಬಿಡು ಅಂದ್ರು. ಮೂರು ದಿನ ಅವರ ಹತ್ರ ಮಾತು ಬಿಟ್ಲು. ಇಷ್ಟು ವರ್ಷ ಮಾಡಿದ್ದೆಲ್ಲ ದಂಡ ಅಂತ ಹೇಳೋಕ್ಕೆ ಬಂದ್ಯಾ ಅಂತ ಕಿರುಚಿದ್ಲು."

"ಮತ್ತೆ ಅವಳಿಗೇ ಒಪ್ಪಿಗೆ ಇತ್ತಲ್ಲ."

"ಒರಳುಕಲ್ಲಿನ ಹಿಂದೆ ಕೂತಿದ್ದೋಳೂ ಅವಳೇ ಕಣೇ. ಯಾವತ್ತಿನ ಅವಳನ್ನ ಕೇಳ್ತೀಯ?"

ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅಜ್ಜಿಯಲ್ಲೂ ಇದ್ದಂತೆ ಕಾಣಲಿಲ್ಲ. ಆದರೆ ಅರವತ್ತರಲ್ಲಿ ಅವಳು ಕಾಪಾಡುತ್ತಿದ್ದುದು ಪದ್ಧತಿಯನ್ನೋ, ಕಳೆದುಹೋದ ತನ್ನ ನಲವತ್ತು ವರ್ಷಗಳನ್ನೋ ಎಂದು ಈಗಲೂ ಯೋಚಿಸುತ್ತೇನೆ.

ಗೆದ್ದವಳ ಗತ್ತಿನಲ್ಲಿ ಅಜ್ಜಿ ಮತ್ತೆ ಕಾಳಿಗೆ ಕೈ ಹಾಕಿದಳು. ತಾತ ಹೋಗಿ ಆರು ವರ್ಷ. ಅಂದಿನಿಂದ ಯಾವ ಶುಭಕಾರ್ಯದಲ್ಲೂ ಅವಳು ಮುಂದೆ ಬಂದದ್ದಿಲ್ಲ, ಅಡುಗೆಮನೆಯ ಬಾಗಿಲಲ್ಲೇ ನಿಲ್ಲುತ್ತಾಳೆ.

"ಸರಿ ಅಜ್ಜಿ, ಮುಂದಿನ ತಿಂಗಳು ಅಕ್ಕನ ಮದುವೆಗೆ ಆರತಿ ನೀನೇ ಎತ್ತು."

"ಅದು ಬೇರೆ."

"ಹೇಗೆ ಬೇರೆ?"

ಅಜ್ಜಿ ಸಿಪ್ಪೆಯನ್ನೆಲ್ಲ ಮರಕ್ಕೆ ಬಳಿದುಕೊಂಡು ಎದ್ದಳು. ಅಡುಗೆಮನೆ ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ ಕೇಳಿದಳು:

"ನಿಮ್ಮಕ್ಕನ್ನ ಕೇಳಿದ್ಯಾ?"