ಫೋಟೋ ಯಾವುದು, ಸ್ಕ್ರೀನ್‌ಶಾಟ್ ಯಾವುದು?

ನಮ್ಮ ಹಳೇ ಫೋನ್ ಕೆಟ್ಟ ಮ್ಯಾಲೆ ಅದರಾಗಿನ ಚಿತ್ರ ಎಲ್ಲಾ ರಿಪೇರಿ ಅಂಗಡಿಯವರು ಒಂದ ಫೋಲ್ಡರ್‌ನ್ಯಾಗ ಹಾಕಿ ಕೊಟ್ಟಾರ. ಹೆಸರು ಬರೇ 1, 2, 3. ಮಗಳ ಕುಬಸದ ಫೋಟೋ ಬಾಜೂಕ ಕರೆಂಟ್ ಬಿಲ್ಲಿನ ಸ್ಕ್ರೀನ್‌ಶಾಟು, ಅದರ ಬಾಜೂಕ ಯಾರೋ ಕಳಿಸಿದ ಹೋಳಗಿ ರೆಸಿಪಿ. ಒಟ್ಟು 3,140 ಅದಾವ. ಒಂದೊಂದ ತಗದು ನೋಡ್ಕೋತ ಕೂತ್ರ ಒಲಿ ಹಚ್ಚವ್ರು ಯಾರು?

ಸ್ಕ್ರೀನ್‌ಶಾಟಿಗೆ ಎರಡು ಗುರುತು ಇರ್ತಾವ್ರಿ. ಮೊದಲನೇದು ಅಳತಿ. ಪರದೆ ಮ್ಯಾಲೆ ಎಷ್ಟು ಚುಕ್ಕಿ ಇರ್ತಾವೋ ಸ್ಕ್ರೀನ್‌ಶಾಟಿನ್ಯಾಗೂ ಅಷ್ಟ ಇರ್ತಾವ. ಕರೆಂಟ್ ಬಿಲ್ಲಿನ ಚಿತ್ರದ ವಿವರ ತಗದು ನೋಡಿದೆ, ಅಡ್ಡ 1080, ಉದ್ದ 2400. ಕ್ಯಾಮೆರಾದಾಗ ತಗದದ್ದು 3000, 4000. ಎರಡನೇದು ಕ್ಯಾಮೆರಾದ ಮಾಹಿತಿ. ಫೋಟೋ ತಗದಾಗ ಲೆನ್ಸ್ ಎಷ್ಟು ತೆರೆದಿತ್ತು ಅನ್ನೂದನ್ನ ಫೋನ್ ಆ ಚಿತ್ರದೊಳಗ ಬರದಿಡತದ. ಸ್ಕ್ರೀನ್‌ಶಾಟಿಗೆ ಲೆನ್ಸೇ ಬೇಕಾಗಿಲ್ಲ, ಹಿಂಗಾಗಿ ಆ ಜಾಗಾ ಖಾಲಿ.

ವಿಂಡೋಸ್ ಕಂಪ್ಯೂಟರಿನ್ಯಾಗ ಫೋಲ್ಡರ್ ತಗದು View ಒಳಗ Details ಒತ್ತಬೇಕು. ಮ್ಯಾಲಿನ ಸಾಲಿನ ಮ್ಯಾಲೆ ರೈಟ್ ಕ್ಲಿಕ್ ಮಾಡಿ, More ಒಳಗ Dimensions ಮತ್ತು F-stop ಎರಡಕ್ಕೂ ಟಿಕ್ ಹಾಕಬೇಕು. ಆಮ್ಯಾಲೆ Dimensions ಅನ್ನೂದನ್ನ ಒತ್ತಿದ್ರ ಒಂದ ಅಳತಿಯವು ಒಂದ ಕಡೆ ಕೂಡತಾವ. ನನಗ 1080 x 2400ದವು 611 ಸಿಕ್ಕವು. ಎಲ್ಲಾದರದೂ F-stop ಖಾಲಿ.

ಖಾಲಿ ಅಂತ ಅಷ್ಟ ನೋಡಿ ಅಳಸಬ್ಯಾಡ್ರಿ. ವಾಟ್ಸಾಪಿನ್ಯಾಗ ಮಾಮೂಲಿ ರೀತಿ ಕಳಿಸಿದ ಫೋಟೋದಾಗೂ ಆ ಮಾಹಿತಿ ಹೋಗಿರತದ. ಬೀಗರು ಕಳಿಸಿದ ಮದವಿ ಫೋಟೋ ಎಲ್ಲಾ ಹಂಗ ಖಾಲಿ ಇದ್ದವು, ಆದ್ರ ಅಳತಿ 1200, 1600. ಅದಕ್ಕ ಎರಡೂ ಗುರುತು ಕೂಡಬೇಕು.

ಅಳತಿಗೆ ಸಿಗದ ಸ್ಕ್ರೀನ್‌ಶಾಟೂ ಇರ್ತಾವ. ಮ್ಯಾಲಿಂದ ಕೆಳಗಿನ ತನಕ ಉದ್ದಕ ತಗದದ್ದು ಅಡ್ಡ 1080 ಇದ್ರೂ ಉದ್ದ 5000 ದಾಟತದ. ವಾಟ್ಸಾಪಿನ್ಯಾಗ ಬಂದದ್ದು ಸಣ್ಣದಾಗಿ 720, 1600 ಆಗಿರತದ. ಉದ್ದನ್ನ ಅಡ್ಡದಿಂದ ಭಾಗಿಸ್ರಿ, 2400ಕ್ಕ 1080 ಆಗಲಿ, 1600ಕ್ಕ 720 ಆಗಲಿ, ಎರಡೂ 2.22 ಬರತದ. ಉದ್ದಕ ತಗದದ್ದು, ಕತ್ತರಿಸಿ ಇಟ್ಟದ್ದು ಈ ಲೆಕ್ಕಕ್ಕ ಸಿಗೂದಿಲ್ಲ.

ಆ 611 ನಾನು ಅಳಸಲಿಲ್ಲ, ಬ್ಯಾರೆ ಫೋಲ್ಡರಿಗೆ ಹಾಕಿ Large icons ಮಾಡಿ ನೋಡಿದೆ. ಬಿಲ್ಲು, ಓಟಿಪಿ, ಗ್ಯಾಸ್ ಬುಕಿಂಗ್ ನಡುವ ಒಂಬತ್ತು ಚಿತ್ರ ನಮ್ಮವ್ವಂದು. ಕಡೀ ವರ್ಷ ವಿಡಿಯೋ ಕಾಲ್‌ದಾಗ ಮಾತಾಡೋವಾಗ ತಗದದ್ದು. ಅರ್ಧ ಮಾರಿ, ಮ್ಯಾಲೆ ಫ್ಯಾನು, ಮೂಲ್ಯಾಗ ಸಣ್ಣದಾಗಿ ನಾನು. ಅಳತಿ ಹಿಡಿದು ನೋಡಿದ್ರ ಅವೂ ಸ್ಕ್ರೀನ್‌ಶಾಟೇ. ಅವನ್ನ ವಾಪಸ್ ಫೋಟೋದಾಗ ಇಟ್ಟು, ಉಳಿದದ್ದು ಅಳಸಿದೆ.